ಕುರ್ಚಿ ಬಿಟ್ಟೇಳದವನಿಗೆ ಕ್ರಿಯಾಟಿನ್ ಏಕೆ?

ಕಳೆದ ಫೆಬ್ರುವರಿಯ ಒಂದು ಸಂಜೆ. ಹಿಂಜವಡಿಯಿಂದ ವಾಕಡ್ ಕಡೆ ತೆವಳುತ್ತಿದ್ದ ಕಂಪನಿ ಬಸ್ಸಿನಲ್ಲಿ ಕೂತಿದ್ದೆ. ವಾರ್ಷಿಕ ಆರೋಗ್ಯ ತಪಾಸಣೆಯ ರಿಪೋರ್ಟು ಮೊಬೈಲಿಗೆ ಬಂತು. ಪ್ರತಿ ವರ್ಷದಂತೆ ಕೊಲೆಸ್ಟ್ರಾಲ್ ಎಷ್ಟಿದೆ, ವಿಟಮಿನ್ ಡಿ ಎಷ್ಟು ಕಮ್ಮಿ ಎಂದು ನೋಡಿ ಮುಚ್ಚುವವನಿದ್ದೆ. ಆದರೆ ಈ ಸಲ ಬೇರೊಂದು ಸಾಲು ಕೆಂಪಗಿತ್ತು. ಸೀರಮ್ ಕ್ರಿಯಾಟಿನಿನ್ 1.24. ಹಿಂದಿನ ವರ್ಷ ಅದು 0.96 ಇತ್ತು. ಅದರ ಕೆಳಗೆ, ಮೂತ್ರಪಿಂಡ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಇ-ಜಿಎಫ್‌ಆರ್ 106ರಿಂದ 77ಕ್ಕೆ ಇಳಿದಿತ್ತು. ಪಕ್ಕದಲ್ಲಿ 'ಸ್ವಲ್ಪ ಕಡಿಮೆ' ಎಂಬ ಟಿಪ್ಪಣಿ.

ಬೇರೆ ಯಾರಾದರೂ ಆಗಿದ್ದರೆ ಇದಕ್ಕೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲವೇನೋ. ಆದರೆ ನಮ್ಮ ಮನೆಯಲ್ಲಿ 'ಕ್ರಿಯಾಟಿನಿನ್' ಎನ್ನುವುದು ಉಪ್ಪು, ಹುಳಿಯಷ್ಟೇ ಬಳಕೆಯ ಮಾತು. ದಾವಣಗೆರೆಯಲ್ಲಿರುವ ಅಪ್ಪನಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ಅಮ್ಮ ಫೋನಿನಲ್ಲಿ ಹವಾಮಾನ ಹೇಳುವಂತೆ ಅವರ ಕ್ರಿಯಾಟಿನಿನ್ ಹೇಳುತ್ತಾರೆ. ಹಾಗಾಗಿ ಅಂದು ಬಸ್ಸಿನಿಂದ ಇಳಿದು ರೂಮಿಗೆ ಹೋಗುವವರೆಗೂ ತಲೆಯಲ್ಲಿ ಒಂದೇ ಯೋಚನೆ: ನನಗೆ ಮೂವತ್ತಾರಕ್ಕೇ ಶುರುವಾಯಿತೇ?

ರೂಮಿಗೆ ಬಂದರೆ ಅಡುಗೆಮನೆಯ ಶೆಲ್ಫಿನಲ್ಲಿ, ಚಟ್ನಿಪುಡಿ ಡಬ್ಬಿಯ ಪಕ್ಕ, ಇನ್ನೊಂದು ಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. ಅದರ ಮೇಲೆ ಬರೆದಿದ್ದದ್ದು 'ಕ್ರಿಯಾಟಿನ್ ಮೊನೊಹೈಡ್ರೇಟ್, 250 ಗ್ರಾಂ'. ಆ ಎರಡು ಹೆಸರುಗಳ ನಡುವೆ ಒಂದೇ ಒಂದು ಅಕ್ಷರದ ವ್ಯತ್ಯಾಸ ಇದೆ ಎನ್ನುವುದು ಆವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ.

ಡಬ್ಬಿ ಬಂದ ಕತೆಯನ್ನೂ ಹೇಳಿಬಿಡುತ್ತೇನೆ. ನನ್ನ ರೂಮ್‌ಮೇಟ್ ಧಾರವಾಡದವನು, ಬೆಳಗ್ಗೆ ಐದೂವರೆಗೆ ಜಿಮ್‌ಗೆ ಹೋಗುವ ಪೈಕಿ. ನಾನು ಜಿಮ್‌ನ ಬಾಗಿಲನ್ನು ಹೊರಗಿನಿಂದ ಮಾತ್ರ ನೋಡಿದವನು. ದಿನಕ್ಕೆ ಹತ್ತು ಗಂಟೆ ಕುರ್ಚಿ, ಎರಡು ಗಂಟೆ ಬಸ್ಸು, ಉಳಿದದ್ದು ಹಾಸಿಗೆ. ಮಧ್ಯಾಹ್ನ ಮೂರಕ್ಕೆ ತಲೆ ಓಡುವುದಿಲ್ಲ ಎಂದು ಗೊಣಗುತ್ತಿದ್ದಾಗ ಅವನೇ ಹೇಳಿದ, 'ಲೇ, ನೀ ಶಾಕಾಹಾರಿ ಅದೀ. ನಿನ್ನ ಮೈಯಾಗ ಇದು ಕಮ್ಮಿನ ಇರ್ತದ. ಜಿಮ್‌ಗೇನ್ ಬರೋದ್ ಬ್ಯಾಡ, ಸುಮ್ನ ದಿನಾ ಒಂದು ಚಮಚ ಕುಡಿ. ತಲಿಗೂ ಛಲೋ ಅಂತ.' ಮಾತಿನಲ್ಲಿ ಅರ್ಧ ಸತ್ಯವಿತ್ತು. ನವೆಂಬರಿನಿಂದ ದಿನಕ್ಕೆ ಐದು ಗ್ರಾಂ ಶುರು ಮಾಡಿದೆ.

ಕೆಂಪು ಸಾಲು ಬಂದ ರಾತ್ರಿಯಿಂದ ಮುಂದಿನ ಕೆಲವು ವಾರ ನಾನು ಈ ಪುಡಿಯ ಬಗ್ಗೆ ಮೂಲ ಸಂಶೋಧನಾ ಲೇಖನಗಳನ್ನೇ ಹುಡುಕಿ ಓದಿದೆ. ಎಂಟೆಕ್ ಮಾಡುವಾಗ ಕಲಿತ ಒಂದೇ ಉಪಯುಕ್ತ ಚಟ ಅದು. ನಮ್ಮಂತೆ ಊರು ಬಿಟ್ಟು ಬಂದು ಕುರ್ಚಿಗೆ ಅಂಟಿಕೊಂಡವರ ಕೈಗೆ ಈ ಡಬ್ಬಿ ಈಗ ಸುಲಭವಾಗಿ ಸಿಗುತ್ತಿದೆ. ಹಾಗಾಗಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಮೊದಲಿಗೆ, ಇದು ಔಷಧವೂ ಅಲ್ಲ, ಸ್ಟೆರಾಯ್ಡೂ ಅಲ್ಲ. ನಮ್ಮ ಮೈಯೇ ತಯಾರಿಸುವ ವಸ್ತು. ಮೂತ್ರಪಿಂಡದಲ್ಲಿ ಅರ್ಧ ಕೆಲಸ, ಯಕೃತ್ತಿನಲ್ಲಿ ಇನ್ನರ್ಧ ಕೆಲಸ ಆಗಿ ದಿನಕ್ಕೆ ಸುಮಾರು ಒಂದು ಗ್ರಾಂ ಸಿದ್ಧವಾಗುತ್ತದೆ. ಮೀನು, ಮಾಂಸ ತಿನ್ನುವವರಿಗೆ ಊಟದಿಂದ ಇನ್ನೊಂದು ಗ್ರಾಂ ಬರುತ್ತದೆ. ಒಂದು ಕಿಲೋ ಹಸಿ ಮಾಂಸದಲ್ಲಿ ನಾಲ್ಕೈದು ಗ್ರಾಂ ಇರುತ್ತದೆ. ಹಾಲಿನಲ್ಲಿ ಇರುವುದು ಲೆಕ್ಕಕ್ಕೆ ಬಾರದಷ್ಟು, ಬೇಳೆ ತರಕಾರಿಯಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಎಪ್ಪತ್ತು ಕಿಲೋ ತೂಗುವವನ ಮೈಯಲ್ಲಿ ಒಟ್ಟು 120 ಗ್ರಾಂ ಆಸುಪಾಸು ಇರುತ್ತದೆ. ಅದರಲ್ಲಿ ಶೇಕಡಾ 95ರಷ್ಟು ಸ್ನಾಯುಗಳಲ್ಲೇ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಈ ದಾಸ್ತಾನು ಕಡಿಮೆ ಎನ್ನುವುದು ನಿಜ. ಪುಡಿ ಕುಡಿದರೆ ಅವರಲ್ಲಿ ಏರಿಕೆ ಹೆಚ್ಚು ಎನ್ನುವುದೂ ನಿಜ. ನನ್ನ ಗೆಳೆಯ ಹೇಳಿದ ಅರ್ಧ ಸತ್ಯ ಇದು.

ಪ್ರಶ್ನೆ ಇರುವುದು ಮುಂದಿನದರಲ್ಲಿ. ದಾಸ್ತಾನು ತುಂಬಿದರೆ ಕೂತವನಿಗೆ ಏನಾಗುತ್ತದೆ?

ಕ್ರಿಯಾಟಿನ್ನಿನ ಕೆಲಸ ನಮ್ಮ ಅಪಾರ್ಟ್‌ಮೆಂಟಿನ ಯುಪಿಎಸ್‌ನಂಥದ್ದು. ಕರೆಂಟು ಹೋದ ಕ್ಷಣಕ್ಕೂ ಜನರೇಟರ್ ಶುರುವಾಗುವ ಕ್ಷಣಕ್ಕೂ ನಡುವೆ ಒಂದಿಷ್ಟು ಸೆಕೆಂಡು ಅಂತರವಿದೆಯಲ್ಲ, ಅದನ್ನು ಯುಪಿಎಸ್ ತುಂಬುತ್ತದೆ. ಸ್ನಾಯುವಿನ ನೇರ ಇಂಧನ ಎಟಿಪಿ. ಭಾರ ಎತ್ತುವಾಗ, ಜೋರಾಗಿ ಓಡುವಾಗ ಅದು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಸಕ್ಕರೆ, ಕೊಬ್ಬು ಸುಟ್ಟು ಹೊಸ ಎಟಿಪಿ ಬರುವುದು ನಿಧಾನ. ಆ ನಡುವಿನ ಸುಮಾರು ಹತ್ತು ಸೆಕೆಂಡು, ಫಾಸ್ಫೇಟ್ ಹೊತ್ತುಕೊಂಡು ಕೂತಿರುವ ಕ್ರಿಯಾಟಿನ್ ತನ್ನ ಫಾಸ್ಫೇಟನ್ನು ಕೊಟ್ಟು ಎಟಿಪಿಯನ್ನು ಮತ್ತೆ ತುಂಬಿಸುತ್ತದೆ. ಭಾರ ಎತ್ತುವವನು ಎಂಟು ಸಲ ಎತ್ತುವ ಕಡೆ ಒಂಬತ್ತು ಸಲ ಎತ್ತಬಲ್ಲ. ವಾರಗಟ್ಟಲೆ ಆ ಒಂಬತ್ತನೆಯದನ್ನು ಎತ್ತುತ್ತ ಹೋದರೆ ಸ್ನಾಯು ಬೆಳೆಯುತ್ತದೆ. ಸ್ನಾಯು ಬೆಳೆಸುವುದು ಆ ಹೆಚ್ಚುವರಿ ದುಡಿಮೆ, ಪುಡಿಯಲ್ಲ.

ನಾನು ಕೂತು ಕೀಬೋರ್ಡ್ ಕುಟ್ಟುವಾಗ ನನ್ನ ಸ್ನಾಯುವಿನಲ್ಲಿ ಕರೆಂಟು ಹೋಗುವುದೇ ಇಲ್ಲ. ಕರೆಂಟೇ ಹೋಗದ ಮನೆಗೆ ಇನ್ನೂ ದೊಡ್ಡ ಬ್ಯಾಟರಿ ತಂದಿಟ್ಟರೆ ಬೆಳಕು ಹೆಚ್ಚಾಗುವುದಿಲ್ಲ.

ಇದು ತರ್ಕ. ತರ್ಕ ಸರಿಯಿದ್ದೂ ಪ್ರಯೋಗದಲ್ಲಿ ತಪ್ಪಾಗುವುದನ್ನು ನಮ್ಮ ವೃತ್ತಿಯವರು ದಿನಾ ನೋಡುತ್ತೇವೆ. ಅದಕ್ಕೆ ಪರೀಕ್ಷೆ ಮಾಡಿದವರು ಇದ್ದಾರೆಯೇ ಎಂದು ಹುಡುಕಿದೆ. ವ್ಯಾಯಾಮವಿಲ್ಲದೆ ಬರೀ ಪುಡಿ ಕೊಟ್ಟು ದೀರ್ಘಕಾಲ ನೋಡಿದ ಒಂದು ಪ್ರಯೋಗ ಬ್ರೆಜಿಲಿನದು, 2020ರಲ್ಲಿ ಪ್ರಕಟವಾದದ್ದು. ಮುಟ್ಟು ನಿಂತ 200 ಮಹಿಳೆಯರು. ಕೆಲವರಿಗೆ ದಿನಕ್ಕೆ 3 ಗ್ರಾಂ ಕ್ರಿಯಾಟಿನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ ಬೇರೆ ಪುಡಿ. ಪೂರ್ತಿ ಎರಡು ವರ್ಷ. ಕೊನೆಗೆ ಅಳೆದರೆ ಮೂಳೆಯಲ್ಲಿ ವ್ಯತ್ಯಾಸವಿಲ್ಲ, ಸ್ನಾಯುವಿನ ಗಾತ್ರದಲ್ಲಿ ಇಲ್ಲ, ಎದ್ದು ಕೂರುವ ಶಕ್ತಿಯಲ್ಲೂ ಇಲ್ಲ. ಅವರು ನನಗಿಂತ ಹಿರಿಯರು, ಮಹಿಳೆಯರು. ಆ ಫಲಿತಾಂಶವನ್ನು ನೇರವಾಗಿ ನನಗೆ ಅಂಟಿಸಲಾಗದು. ಆದರೆ ಸ್ನಾಯು ಕಳೆದುಕೊಳ್ಳುವ ವಯಸ್ಸಿನವರಿಗೇ ಉಪಯೋಗವಾಗದ್ದು ಮೂವತ್ತಾರರವನಿಗೆ ಆಗುತ್ತದೆಂದು ನಂಬಲು ಕಾರಣ ಕಾಣಲಿಲ್ಲ.

ಇನ್ನೊಂದು ಆಸ್ಟ್ರೇಲಿಯಾದ್ದು, 2025ರದ್ದು. ಅದನ್ನು ಓದಿದಾಗ ನನಗೆ ನಗು ಬಂತು. ಅದಕ್ಕೆ ಕಾರಣ ನನ್ನ ತಕ್ಕಡಿ. ಅವರು ಒಂದು ಜಾಣ ಕೆಲಸ ಮಾಡಿದ್ದರು. ಮೊದಲ ವಾರ ವ್ಯಾಯಾಮವಿಲ್ಲದೆ ಬರೀ ಪುಡಿ, ದಿನಕ್ಕೆ 5 ಗ್ರಾಂ. ಆಮೇಲೆ 12 ವಾರ ಪುಡಿಯ ಜೊತೆ ಭಾರ ಎತ್ತುವ ತರಬೇತಿ. ಹೋಲಿಕೆಗೆ ಪುಡಿಯೇ ಇಲ್ಲದ ಇನ್ನೊಂದು ಗುಂಪು. ಮೊದಲ ವಾರದಲ್ಲೇ, ಯಾರೂ ಬೆರಳು ಕೂಡ ಎತ್ತದೆ, ಪುಡಿ ಕುಡಿದವರ 'ಕೊಬ್ಬಲ್ಲದ ತೂಕ' ಇನ್ನೊಂದು ಗುಂಪಿಗಿಂತ ಸುಮಾರು ಅರ್ಧ ಕಿಲೋ ಏರಿತ್ತು. ತರಬೇತಿಯ 12 ವಾರದಲ್ಲಿ ಎರಡೂ ಗುಂಪು ಸಮಸಮವಾಗಿ ತಲಾ ಎರಡು ಕಿಲೋ ಗಳಿಸಿದವು. ಮೊದಲ ವಾರದ ಆ ಅರ್ಧ ಕಿಲೋ ಏನು? ಒಂದು ವಾರದಲ್ಲಿ ಸುಮ್ಮನೆ ಕೂತು ಮಾಂಸ ಬೆಳೆಯುವುದಿಲ್ಲ. ಕ್ರಿಯಾಟಿನ್ ಸ್ನಾಯುಕೋಶದೊಳಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆ ನೀರು ಅದು. ಭಾರ ಎತ್ತುವವರಲ್ಲಿ ಕ್ರಿಯಾಟಿನ್ ಲಾಭ ತೋರಿಸಿದ ಬೇರೆ ಪ್ರಯೋಗಗಳು ಬಹಳ ಇವೆ. ಹಾಗಾಗಿ ಈ ಒಂದರಿಂದ ಜಿಮ್‌ನವರ ವಾದ ಬಿದ್ದುಹೋಗುವುದಿಲ್ಲ. ನನಗೆ ಬೇಕಾದದ್ದು ಆ ಮೊದಲ ವಾರ ಮಾತ್ರ.

ನನ್ನ ತಕ್ಕಡಿಯ ವಿಷಯಕ್ಕೆ ಬಂದರೆ, ಮೊಬೈಲಿಗೆ ಜೋಡಿಸುವ ತಕ್ಕಡಿಯೊಂದು ರೂಮಿನಲ್ಲಿದೆ. ಬರಿಗಾಲಲ್ಲಿ ನಿಂತರೆ ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಎಷ್ಟು ತಡೆ ಸಿಕ್ಕಿತು ಎಂಬುದರಿಂದ ಸ್ನಾಯು, ಕೊಬ್ಬು ಲೆಕ್ಕ ಹಾಕುತ್ತದೆ. ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಹಾಗಾಗಿ ಹೆಚ್ಚಾದ ನೀರನ್ನೂ ಅದು 'ಸ್ನಾಯು' ಎಂದೇ ಬರೆದುಕೊಳ್ಳುತ್ತದೆ. ಡಿಸೆಂಬರಿನಲ್ಲಿ ಅದು ನನಗೆ 800 ಗ್ರಾಂ ಸ್ನಾಯು ಹೆಚ್ಚಾಗಿದೆ ಎಂದು ಹಸಿರು ಬಾಣ ತೋರಿಸಿತ್ತು. ಅದರ ಚಿತ್ರವನ್ನು ನಾನು ಅಕ್ಕನಿಗೂ ಕಳಿಸಿದ್ದೆ, ನಾಚಿಕೆಯಾಗುತ್ತದೆ ಹೇಳಲು.

ಸರಿ, ಮೈಗೆ ಬೇಡ, ತಲೆಗೆ? ನಮ್ಮಂಥವರಿಗೆ ನಿಜವಾದ ಆಸೆ ಇದೇ.

ಈ ಆಸೆಗೆ ಮೂಲ ಸಿಡ್ನಿಯಲ್ಲಿ 2003ರಲ್ಲಿ ನಡೆದ ಪ್ರಯೋಗ. 45 ಸಸ್ಯಾಹಾರಿ ಯುವಕ ಯುವತಿಯರು, ಆರು ವಾರ, ದಿನಕ್ಕೆ 5 ಗ್ರಾಂ. ಅಂಕಿಗಳನ್ನು ಕೇಳಿಸಿಕೊಂಡು ಹಿಂದುಮುಂದಾಗಿ ಹೇಳುವ ಪರೀಕ್ಷೆ ಮತ್ತು ಚಿತ್ರಗಳ ಸರಣಿಯಲ್ಲಿ ಮುಂದೇನು ಎಂದು ಗುರುತಿಸುವ ಪರೀಕ್ಷೆ, ಎರಡರಲ್ಲೂ ಅವರು ಚೆನ್ನಾಗಿ ಮಾಡಿದ್ದರು. ಓದಿದಾಗ ನನಗೂ ಹುಮ್ಮಸ್ಸು ಬಂತು. ನಾನೂ ಸಸ್ಯಾಹಾರಿ, ಅದೇ ಪ್ರಮಾಣ ಕುಡಿಯುತ್ತಿದ್ದೆ. ಆದರೆ ಒಂದು ಪ್ರಯೋಗ ಎಷ್ಟೇ ಸೊಗಸಾಗಿದ್ದರೂ ಎರಡನೆಯವರು ಮಾಡಿದಾಗಲೂ ಅದೇ ಬರಬೇಕಲ್ಲ. 2023ರಲ್ಲಿ ಜರ್ಮನಿಯ ಸಂಶೋಧಕರು 123 ಜನರ ಮೇಲೆ ಅದನ್ನೇ ಮತ್ತೆ ಮಾಡಿದರು. ಅದೇ 5 ಗ್ರಾಂ, ಅದೇ ಆರು ವಾರ, ಸುಮಾರು ಅರ್ಧದಷ್ಟು ಜನ ಸಸ್ಯಾಹಾರಿಗಳು. ಏನು ಅಳೆಯುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಎಂದು ಮೊದಲೇ ಬರೆದಿಟ್ಟುಕೊಂಡು ಮಾಡಿದರು. ಚಿತ್ರಗಳ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಂಕಿಗಳ ಪರೀಕ್ಷೆಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು. ಸಸ್ಯಾಹಾರಿಗಳಿಗೆ ಹೆಚ್ಚು ಲಾಭ ಎಂಬುದು ಕಾಣಲೇ ಇಲ್ಲ. ಹೊಟ್ಟೆ ತೊಂದರೆಯಂಥ ಅಡ್ಡಪರಿಣಾಮ ಹೇಳಿಕೊಂಡವರು ಮಾತ್ರ ಕ್ರಿಯಾಟಿನ್ ಕುಡಿದಾಗಲೇ ಹೆಚ್ಚು.

ಇದಕ್ಕೂ ಒಂದು ಕಾರಣವಿದೆ. ಮಿದುಳು ತನಗೆ ಬೇಕಾದ ಕ್ರಿಯಾಟಿನನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ. ರಕ್ತದಿಂದ ಒಳಗೆ ಬಿಡುವುದು ಬಲು ಕಡಿಮೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕಡಿಮೆಯಿದ್ದರೂ ಮಿದುಳಿನಲ್ಲಿ ಮಾಂಸಾಹಾರಿಗಳಷ್ಟೇ ಇರುವುದನ್ನು ಸ್ಕ್ಯಾನ್ ಮಾಡಿ ಅಳೆದವರಿದ್ದಾರೆ. ಗೆಳೆಯನ ಅರ್ಧ ಸತ್ಯದ ಉಳಿದರ್ಧ ಇಲ್ಲಿ ಕೈಕೊಟ್ಟಿತು. ಐರೋಪ್ಯ ಒಕ್ಕೂಟದ ಆಹಾರ ಸುರಕ್ಷಾ ಸಂಸ್ಥೆ ಕೂಡ 2024ರಲ್ಲಿ, ಕ್ರಿಯಾಟಿನ್ ಬುದ್ಧಿಶಕ್ತಿ ಹೆಚ್ಚಿಸುತ್ತದೆ ಎಂದು ಹೇಳಲು ಬೇಕಾದ ಪುರಾವೆ ಇಲ್ಲ ಎಂದಿತು. ಕಡಿಮೆ ಹೊತ್ತಿನ, ಜೋರಾದ ವ್ಯಾಯಾಮದಲ್ಲಿ ಉಪಯೋಗವಿದೆ ಎಂದು ಲೇಬಲ್ಲಿನಲ್ಲಿ ಬರೆಯಲು ಅಲ್ಲಿ ಅನುಮತಿ ಇದೆ, ಅದೂ ದಿನಕ್ಕೆ 3 ಗ್ರಾಂ ತೆಗೆದುಕೊಂಡರೆ.

ರಾತ್ರಿಪಾಳಿಯವರು ಕೇಳಬಹುದಾದ ಒಂದು ಪ್ರಶ್ನೆ ಉಳಿಯುತ್ತದೆ. 2024ರಲ್ಲಿ ಜರ್ಮನಿಯಲ್ಲೇ ಇನ್ನೊಂದು ಸಣ್ಣ ಪ್ರಯೋಗ ನಡೆಯಿತು. 15 ಜನರನ್ನು ರಾತ್ರಿಯಿಡೀ ಎಚ್ಚರವಿರಿಸಿ, ಒಂದೇ ಸಲಕ್ಕೆ ದೊಡ್ಡ ಪ್ರಮಾಣದ ಕ್ರಿಯಾಟಿನ್ ಕೊಟ್ಟಾಗ, ನಿದ್ದೆಗೆಟ್ಟ ತಲೆ ಕೆಲವು ಗಂಟೆ ಸ್ವಲ್ಪ ಚುರುಕಾಗಿ ಕೆಲಸ ಮಾಡಿತು. ಪ್ರಮಾಣ ಒಂದು ಕಿಲೋ ತೂಕಕ್ಕೆ 0.35 ಗ್ರಾಂ. 72 ಕಿಲೋದ ನನಗೆ ಅದು ಒಂದೇ ಗುಟುಕಿಗೆ 25 ಗ್ರಾಂ, ಐದು ಚಮಚ. ಕುತೂಹಲಕರ ಫಲಿತಾಂಶ ನಿಜ, ಆದರೆ ಹದಿನೈದು ಜನ, ಒಂದು ರಾತ್ರಿ. ಪ್ರತಿ ರಿಲೀಸ್ ರಾತ್ರಿ ಇದನ್ನು ನಕಲು ಮಾಡಲು ನಾನಂತೂ ತಯಾರಿಲ್ಲ.

ಈಗ ಕೆಂಪು ಸಾಲಿಗೆ ಬರೋಣ. ನನ್ನ ಮಟ್ಟಿಗೆ ಇಡೀ ಲೇಖನದ ತಿರುಳು ಇದೇ.

ಮೈಯಲ್ಲಿರುವ ಕ್ರಿಯಾಟಿನ್ ದಿನಾ ಒಂದಿಷ್ಟು ತಾನಾಗಿಯೇ ಕೆಟ್ಟು ಕ್ರಿಯಾಟಿನಿನ್ ಆಗುತ್ತದೆ. ಸುಮಾರು ಶೇಕಡಾ 1.7. ಅಂದರೆ 120 ಗ್ರಾಂ ಇದ್ದವನಲ್ಲಿ ದಿನಕ್ಕೆ ಎರಡು ಗ್ರಾಂ. ಇದು ಕಸ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಕಸ ಹುಟ್ಟುವ ವೇಗ ಒಂದೇ ಸಮ ಇರುವುದರಿಂದ, ರಕ್ತದಲ್ಲಿ ಕಸ ಜಾಸ್ತಿಯಾದರೆ ಹೊರಹಾಕುವವನು ನಿಧಾನವಾಗಿದ್ದಾನೆ ಎಂದು ವೈದ್ಯರು ಊಹಿಸುತ್ತಾರೆ. ಇ-ಜಿಎಫ್‌ಆರ್ ಎಂದರೆ ಆ ಊಹೆಯೇ. ಅಲ್ಲಿ ಮೂತ್ರಪಿಂಡವನ್ನು ಯಾರೂ ನೇರ ಅಳೆಯುವುದಿಲ್ಲ. ಕ್ರಿಯಾಟಿನಿನ್, ವಯಸ್ಸು, ಲಿಂಗ ಮೂರನ್ನು ಸೂತ್ರಕ್ಕೆ ಹಾಕಿ ಬಂದ ಸಂಖ್ಯೆ ಅದು. 2021ರ ಸೂತ್ರವನ್ನು ನಾನೇ ಲೆಕ್ಕ ಹಾಕಿ ನೋಡಿದೆ. ಮೂವತ್ತಾರರ ಗಂಡಸಿಗೆ 1.24 ಹಾಕಿದರೆ 77 ಬರುತ್ತದೆ, ಹಿಂದಿನ ವರ್ಷದ 0.96ಕ್ಕೆ 106. ರಿಪೋರ್ಟಿನಲ್ಲಿ ಇದ್ದದ್ದೂ ಅಷ್ಟೇ.

ಆದರೆ ದಿನಾ ಐದು ಗ್ರಾಂ ಹೊರಗಿನಿಂದ ಸುರಿದುಕೊಳ್ಳುವವನಲ್ಲಿ ಕಸ ಹುಟ್ಟುವುದೇ ಹೆಚ್ಚಾಗಿರುತ್ತದೆ. ಹೊರಹಾಕುವವನು ಮೊದಲಿನಷ್ಟೇ ಚುರುಕಾಗಿದ್ದರೂ ರಕ್ತದಲ್ಲಿ ಮಟ್ಟ ಏರುತ್ತದೆ. ಸೂತ್ರಕ್ಕೆ ಇದು ಗೊತ್ತಿಲ್ಲ. ಅದು ಮೂತ್ರಪಿಂಡವನ್ನೇ ದೂರುತ್ತದೆ.

ಪುಣೆಯ ಮೂತ್ರಪಿಂಡ ತಜ್ಞರೊಬ್ಬರ ಬಳಿ ಹೋದೆ. ಅವರು ರಿಪೋರ್ಟು ನೋಡುವ ಮೊದಲೇ ಕೇಳಿದ್ದು, 'ಜಿಮ್‌ಗೆ ಹೋಗ್ತೀರಾ?' ಇಲ್ಲ ಎಂದೆ. 'ಪುಡಿ ಏನಾದರೂ?' ಹೌದು ಎಂದೆ. ಅವರಿಗೆ ಆಶ್ಚರ್ಯವಾದದ್ದು ಎರಡನೆಯ ಉತ್ತರಕ್ಕಲ್ಲ, ಮೊದಲನೆಯದರ ಜೊತೆ ಎರಡನೆಯದು ಬಂದದ್ದಕ್ಕೆ. ರಕ್ತ ಕೊಡುವಾಗ ಫಾರ್ಮಿನಲ್ಲಿ 'ತೆಗೆದುಕೊಳ್ಳುತ್ತಿರುವ ಔಷಧಗಳು' ಎಂಬ ಜಾಗ ಇತ್ತು, ನಾನು 'ಇಲ್ಲ' ಎಂದು ಬರೆದಿದ್ದೆ. ಪುಡಿ ಔಷಧವಲ್ಲವಲ್ಲ!

ಅವರು ಮೂರು ಕೆಲಸ ಹೇಳಿದರು. ಪುಡಿ ನಿಲ್ಲಿಸುವುದು. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ನೋಡುವುದು. ಮತ್ತು ಸಿಸ್ಟಾಟಿನ್-ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆ. ಸಿಸ್ಟಾಟಿನ್-ಸಿ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಒಂದೇ ಸಮ ಬಿಡುಗಡೆ ಮಾಡುವ ಸಣ್ಣ ಪ್ರೋಟೀನ್. ಅದನ್ನೂ ಸೋಸುವುದು ಮೂತ್ರಪಿಂಡವೇ, ಆದರೆ ಸ್ನಾಯುವಿಗೂ ಕ್ರಿಯಾಟಿನ್ ಪುಡಿಗೂ ಅದಕ್ಕೆ ಸಂಬಂಧವಿಲ್ಲ. ಥೈರಾಯ್ಡ್ ತೊಂದರೆ ಇದ್ದವರಲ್ಲಿ, ಸ್ಟೆರಾಯ್ಡ್ ಔಷಧ ತೆಗೆದುಕೊಳ್ಳುವವರಲ್ಲಿ ಅದೂ ಏರುಪೇರಾಗುತ್ತದೆ. ನನಗೆ ಅವೆರಡೂ ಇರಲಿಲ್ಲ. ಕಂಪನಿಯ ಮಾಮೂಲಿ ಪ್ಯಾಕೇಜಿನಲ್ಲಿ ಅದು ಬರುವುದಿಲ್ಲ, ಬೇರೆ ದುಡ್ಡು ಕೊಟ್ಟು ಮಾಡಿಸಬೇಕು.

ಸಿಸ್ಟಾಟಿನ್-ಸಿ ಸಹಜ ಬಂತು. ಆಲ್ಬುಮಿನ್ ಇರಲಿಲ್ಲ. ಕ್ರಿಯಾಟಿನಿನ್ ಮಾತ್ರ ಕೂಡಲೇ ಇಳಿಯಲಿಲ್ಲ. ಸ್ನಾಯುವಿನ ದಾಸ್ತಾನು ಹಳೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು, ಆದ್ದರಿಂದ ಆರು ವಾರ ಕಳೆದು ಬನ್ನಿ ಎಂದರು. ಆ ಆರು ವಾರ ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಮ್ಮ ಅಪ್ಪನ ಸಂಖ್ಯೆ ಹೇಳುತ್ತಿದ್ದಾಗಲೆಲ್ಲ ನನ್ನದು ಬಾಯಿಗೆ ಬಂದು ಹಿಂದೆ ಹೋಗುತ್ತಿತ್ತು. ಏಪ್ರಿಲಿನಲ್ಲಿ ಮತ್ತೆ ರಕ್ತ ಕೊಟ್ಟೆ: 0.98. ಇ-ಜಿಎಫ್‌ಆರ್ 102.

ಹಾಗಾದರೆ ಪುಡಿ ನನ್ನ ಮೂತ್ರಪಿಂಡ ಹಾಳುಮಾಡಿತ್ತೇ? ಇಲ್ಲ. ಮೂತ್ರಪಿಂಡ ಚೆನ್ನಾಗಿರುವವರಲ್ಲಿ ದಿನಕ್ಕೆ ಮೂರರಿಂದ ಐದು ಗ್ರಾಂ ಹಾನಿ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿಲ್ಲ. ಕಾಯಿಲೆ ಈಗಾಗಲೇ ಇರುವವರ ಮಾತು ಬೇರೆ. ಅವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನನಗಾದ ನಷ್ಟ ಬೇರೆ ಥರದ್ದು. ನಮ್ಮ ಮನೆತನದಲ್ಲಿ ಈ ಕಾಯಿಲೆ ಇದೆ. ವರ್ಷಕ್ಕೊಮ್ಮೆ ಬರುವ ಆ ಒಂದು ಸಂಖ್ಯೆಯೇ ನನಗೆ ಕಾವಲುಗಾರ. ಅದನ್ನೇ ನಾನು ಪುಡಿ ಹಾಕಿ ಕದಡಿಬಿಟ್ಟಿದ್ದೆ. ಈ ಸಲ ಕಾಯಿಲೆ ಇಲ್ಲದೆಯೇ ಗಾಬರಿಯಾಯಿತು. ಇದರ ತಿರುವುಮುರುವು ಇನ್ನೂ ಅಪಾಯ. ಪುಡಿ ಕುಡಿಯುತ್ತ ಹೋಗಿ, ಮುಂದೊಂದು ವರ್ಷ ಸಂಖ್ಯೆ ನಿಜವಾಗಿ ಏರಿದಾಗಲೂ 'ಅದು ಪುಡಿಯಿಂದ ಬಿಡಿ' ಎಂದು ನಾನೇ ತಳ್ಳಿಹಾಕುತ್ತಿದ್ದೆ. ಭಾರ ಎತ್ತುವವನಿಗೆ ಈ ಗೊಂದಲದ ಬದಲಿಗೆ ಏನೋ ಒಂದು ಸಿಗುತ್ತದೆ. ನನಗೆ ಸಿಕ್ಕಿದ್ದು ಮುಕ್ಕಾಲು ಕಿಲೋ ನೀರು.

ಮಧ್ಯಾಹ್ನ ಮೂರರ ಮಂಪರು ಏನಾಯಿತು ಎಂದು ಕೇಳಿದರೆ, ಪುಡಿ ಕುಡಿದ ಮೂರು ತಿಂಗಳು ಇದ್ದಷ್ಟೇ ಈಗಲೂ ಇದೆ. ರಾತ್ರಿ ಒಂದರವರೆಗೆ ಕ್ರಿಕೆಟ್ ಹೈಲೈಟ್ಸ್ ನೋಡುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ಪುಡಿ ಕುಡಿಯಲೇಬೇಕೆನ್ನುವ, ಜಿಮ್‌ಗೆ ಹೋಗುವ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟೇ: ಶುರು ಮಾಡುವ ಮುನ್ನ ಒಮ್ಮೆ ಕ್ರಿಯಾಟಿನಿನ್ ಅಳೆಸಿ ಇಟ್ಟುಕೊಳ್ಳಿ, ಆಮೇಲಿನದನ್ನು ಹೋಲಿಸಲು ಆಧಾರ ಬೇಕು. ದಿನಕ್ಕೆ ಮೂರು ಗ್ರಾಂ ಸಾಕು; 1996ರಲ್ಲೇ ಸ್ವೀಡನ್ನಿನ ಹುಲ್ಟ್‌ಮನ್ ಮತ್ತು ಸಂಗಡಿಗರು, ಆರು ದಿನ ಇಪ್ಪತ್ತು ಇಪ್ಪತ್ತು ಗ್ರಾಂ ಕುಡಿದರೂ, 28 ದಿನ ಮೂರು ಮೂರು ಗ್ರಾಂ ಕುಡಿದರೂ ಸ್ನಾಯು ತುಂಬುವುದು ಅಷ್ಟೇ ಎಂದು ತೋರಿಸಿದ್ದರು. ರಕ್ತ ಕೊಡುವಾಗ ಫಾರ್ಮಿನಲ್ಲಿ ಪುಡಿಯ ಹೆಸರು ಬರೆಯಿರಿ.

ಏಪ್ರಿಲ್ ರಿಪೋರ್ಟು ಬಂದ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಷ್ಟೂ ಕೇಳಿಸಿಕೊಂಡು, 'ಅದನ್ನ ಯಾಕಪ್ಪ ಕುಡಿದೆ?' ಎಂದರು. ಸರಿಯಾದ ಉತ್ತರ ಸಿಗದೆ 'ಸುಮ್ನೆ' ಎಂದೆ. 'ಈಗ ಎಷ್ಟಿದೆ ಅಂದೆ?' 'ಪಾಯಿಂಟ್ ತೊಂಬತ್ತೆಂಟು.' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನನ್ನು ಅಮ್ಮನ ಕೈಗೆ ಕೊಟ್ಟು, 'ಇವನದ್ದು ಪಾಯಿಂಟ್ ತೊಂಬತ್ತೆಂಟಂತೆ, ಬರ್ಕೋ' ಎಂದದ್ದು ಕೇಳಿಸಿತು. ಅಪ್ಪನ ಸಂಖ್ಯೆಗಳನ್ನು ಬರೆಯುವ ಡೈರಿ ಅಮ್ಮನ ಬಳಿಯೇ ಇರುತ್ತದೆ.

ಉಳಿದಿದ್ದ ಪುಡಿಯನ್ನು ಧಾರವಾಡದವನು ತನ್ನ ಡಬ್ಬಿಗೆ ಸುರಿದುಕೊಂಡ. ಖಾಲಿ ಡಬ್ಬಿಯಲ್ಲಿ ಈಗ ಅವಲಕ್ಕಿ ಇದೆ.